ಅವ್ವನ ಟಿವಿ ಪೆಟ್ಟಿಗೆಗೆ ಒಂದು ಕಾಯಂ ವಿಳಾಸ

ಮಲಗುವ ಮುಂಚೆ ಕೆಳಗಿನ ಹಾಲ್‌ನ ಸ್ವಿಚ್‌ಬೋರ್ಡನ್ನು ಪೂರ್ತಿ ಆರಿಸುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. ಅಪ್ಪ ಇದ್ದದ್ದು ಕೇಂದ್ರ ಸರ್ಕಾರದ ಒಂದು ರಕ್ಷಣಾ ಕಾರ್ಖಾನೆಯಲ್ಲಿ. ಅಲ್ಲಿ ಪಾಳಿ ಮುಗಿಸಿ ಕೊನೆಗೆ ಹೊರಬೀಳುವವನು ಎಲ್ಲವನ್ನೂ ಆರಿಸಿ, ಇನ್ನೊಮ್ಮೆ ತಿರುಗಿ ನೋಡಿ, ಆಮೇಲೆ ಬಾಗಿಲು ಹಾಕಬೇಕಿತ್ತಂತೆ. ಮನೆಯನ್ನೂ ಅವರು ಹಾಗೇ ನಡೆಸಿದರು. ಫ್ಯಾನು, ಫ್ರಿಜ್ಜು ಬಿಟ್ಟರೆ ಉಳಿದದ್ದೆಲ್ಲ ಬಂದ್. ಅಪ್ಪ ಹೋದ ಮೇಲೆ ಆ ಕೆಲಸ ಅಣ್ಣನಿಗೆ ಬಂತು. ಅಪ್ಪನ ಒಳ್ಳೆಯ ಗುಣಗಳಲ್ಲಿ ಅಣ್ಣ ಉಳಿಸಿಕೊಂಡದ್ದು ಇದೊಂದೇ. ಹಾಗಂತ ನಾನು ಅವನೆದುರೇ ಹೇಳಿದ್ದೇನೆ, ಇಲ್ಲಿ ಬರೆಯಲು ಅಂಜಿಕೆಯಿಲ್ಲ.

ಕಾಚಿಗೂಡದ ಆ ಹಳೆಯ ಮನೆಯಲ್ಲಿ ಕೆಳಗೆ ಅಣ್ಣ, ವೈನಿ, ಅಂದರೆ ಅತ್ತಿಗೆ. ಮೇಲೆ ನಾನು, ಅವ್ವ. ನಾನು ಮದುವೆಯಾಗದೆ ಉಳಿದವಳು, ಅಪ್ಪನ ಹಾಗೆಯೇ ಒಂದು ಸರ್ಕಾರಿ ಘಟಕದಲ್ಲಿ ತಪಾಸಣೆಯ ವಿಭಾಗದಲ್ಲಿದ್ದೇನೆ. ಅವ್ವ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಈಗಲೂ ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿಯ ಗಲ್ಲಾದ ಹಿಂದಿನಿಂದ ತಲೆ ನರೆತ ಗಂಡಸರು ಎದ್ದು ನಿಂತು "ಟೀಚರ್, ಆರಾಮ ಅದೀರಿ?" ಎಂದು ಕೇಳುತ್ತಾರೆ. ಅವಳಿಗೆ ಅವರ ಹೆಸರಿನ ಜೊತೆಗೆ, ಯಾವ ಲೆಕ್ಕದಲ್ಲಿ ಎಡವುತ್ತಿದ್ದರು ಎಂಬುದೂ ನೆನಪಿರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದು ಅವಳ ಬುದ್ಧಿಯ ಬಗ್ಗೆ ಮನೆಯವರು ಎತ್ತಿದ ಮಾತು.

ಅವ್ವನ ಕೈ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿವೆ. ಟಿವಿ ರಿಮೋಟಿನ ಸಣ್ಣ ರಬ್ಬರ್ ಗುಂಡಿಗಳನ್ನು ಒತ್ತಿ ಒತ್ತಿ ನೋವಾಗಿ ಕೈಬಿಟ್ಟಳು. ಆಗ ನಾನು ಟಿವಿಗೆ ಇಂಟರ್ನೆಟ್ಟಿನಿಂದ ನಡೆಯುವ ಒಂದು ಪುಟ್ಟ ಪೆಟ್ಟಿಗೆ ತಂದು ಹಚ್ಚಿದೆ, ಅವಳ ಫೋನಿಗೆ ರಿಮೋಟ್ ಆಪ್ ಹಾಕಿಕೊಟ್ಟೆ. ಗಾಜಿನ ಮೇಲೆ ದೊಡ್ಡ ದೊಡ್ಡ ಗುಂಡಿ, ಬರೀ ಮುಟ್ಟಿದರೆ ಸಾಕು. ಅದೇ ಆಪ್‌ನಿಂದ ಫೋನಿನಲ್ಲಿರುವ ವಿಡಿಯೋವನ್ನು ಟಿವಿಗೆ ಕಳಿಸಲೂಬಹುದು. ಕಾಸ್ಟ್ ಮಾಡುವುದು ಅಂತಾರಲ್ಲ, ಅದು. ಅವ್ವ ಒಂದೇ ಮಧ್ಯಾಹ್ನ ಕಲಿತಳು. ಪಾರಾಯಣ, ಪ್ರವಚನ ಯಾವುದೂ ಅವಳಿಗೆ ಬೇಡ. ಅವಳಿಗೆ ಬೇಕಾದದ್ದು ಹಳೆಯ ಟೆಸ್ಟ್ ಕ್ರಿಕೆಟ್. ಫಲಿತಾಂಶ ಗೊತ್ತಿದ್ದೂ ಇಡೀ ದಿನದ ಆಟ ನೋಡುತ್ತಾಳೆ. "ಉತ್ತರ ಗೊತ್ತಿದ್ದ ಮ್ಯಾಲೇ ಲೆಕ್ಕ ಮಾಡೂ ರೀತಿ ನೋಡಬೇಕು" ಎನ್ನುತ್ತಾಳೆ. ಸಂಧಿವಾತ ಬಂದ ಮೇಲೆ ಅವಳಿಗೆ ಜಡೆ ಹಾಕಲು ನಾನು ಬೇಕು, ತಟ್ಟೆಯಲ್ಲಿ ರೊಟ್ಟಿ ಮುರಿದುಕೊಡಲು ನಾನು ಬೇಕು. ಯಾರನ್ನೂ ಕೇಳದೆ ಅವಳು ಮಾಡಿಕೊಳ್ಳುತ್ತಿದ್ದದ್ದು ಇದೊಂದೇ.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಕೆಲವು ಬೆಳಿಗ್ಗೆ ಆಪ್ ತೆರೆದರೆ ಪೆಟ್ಟಿಗೆ ಸಿಗುತ್ತಿಲ್ಲ ಎಂದು ಬರತೊಡಗಿತು. ಕೆಲವು ದಿನ ಸಿಗುತ್ತಿತ್ತು, ಕೆಲವು ದಿನ ಇಲ್ಲ. ದಿನಾಲೂ ಕೆಟ್ಟಿದ್ದರೆ ಎಲ್ಲರೂ ಯಂತ್ರವನ್ನೇ ಬಯ್ಯುತ್ತಿದ್ದರು. ಒಮ್ಮೆ ಆಗಿ ಒಮ್ಮೆ ಆಗದಿದ್ದರೆ ಜನ ಮುದುಕಿಯ ಕಡೆ ನೋಡುತ್ತಾರೆ. ನಾನು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿರುತ್ತಿದ್ದೆ. ಅಣ್ಣ ಮನೆಯಿಂದಲೇ ಕೆಲಸ ಮಾಡುವವನು. ಅವ್ವ ಮೆಟ್ಟಿಲ ಬಳಿ ನಿಂತು ಅವನನ್ನು ಕರೆಯಬೇಕಾಗುತ್ತಿತ್ತು.

ಅವನು ಬರುತ್ತಿದ್ದ, ಮುಖ ಗಂಟು ಹಾಕಿಕೊಂಡು. ಆಪ್‌ನಲ್ಲಿದ್ದ ಪೆಟ್ಟಿಗೆಯ ಹೆಸರನ್ನು ಅಳಿಸಿ ಮತ್ತೆ ಹುಡುಕಿಸುತ್ತಿದ್ದ. ಟಿವಿಯ ಮೇಲೆ ಬಂದ ಸಂಕೇತವನ್ನು ಫೋನಿನಲ್ಲಿ ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತಿತ್ತು. ಸರಿಯಾಗುತ್ತಿತ್ತಲ್ಲ, ಅದೇ ಅವ್ವನಿಗೆ ಮುಳುವಾಯಿತು.

"ನೋಡು, ನನ್ನ ಕೈಯಾಗ ನಡ್ಯಾಕತ್ತೈತಿ. ನೀ ಏನರ ಒತ್ತಿ ಕೆಡಿಸಿರ್ತಿ" ಎನ್ನುತ್ತಿದ್ದ.

"ನಾ ಏನೂ ಒತ್ತಿಲ್ಲೋ. ಆಪ್ ತಗದೆ, ಅಷ್ಟ."

"ಏನೂ ಒತ್ತಲಾರದ ತಾನ ಹೆಂಗ ಕೆಡ್ತೈತಿ? ಕುಣಿಲಿಕ್ಕೆ ಬರದಾಕಿ ನೆಲ ಡೊಂಕು ಅಂದಿದ್ಲಂತ."

ಇದನ್ನು ಅವನು ಆಡಿದ್ದು, ಅವನಿಗೆ ಭಾಗಾಕಾರ ಕಲಿಸಿದ ತಾಯಿಗೆ. ನಾನು ಸಂಜೆ ಬಂದಾಗ ಅವ್ವ ಇದನ್ನೆಲ್ಲ ನಗುತ್ತ ಹೇಳುತ್ತಿದ್ದಳು. ಮೊದಮೊದಲು ನಿಜವಾಗಿಯೂ ನಗುತ್ತಿದ್ದಳು. ಆಮೇಲಾಮೇಲೆ ಹೇಳುವುದನ್ನೇ ಬಿಟ್ಟಳು. ಬದಲಿಗೆ ಕೆಳಗಿನಿಂದ ಸುದ್ದಿ ಬರತೊಡಗಿತು. ಅವ್ವನಿಗೆ ಮರೆವು ಶುರುವಾಗಿದೆ, ನಿನ್ನೆ ತೋರಿಸಿದ್ದು ಇವತ್ತು ನೆನಪಿರುವುದಿಲ್ಲ, ಇತ್ಯಾದಿ. ರಾಯಚೂರಿನ ರೈಲು ಇಳಿದು ಬಂದ ನಮ್ಮ ಚಿಕ್ಕಮ್ಮ ಕೂಡ, ಮೇಲೆ ಹತ್ತಿ ಬರುವ ಮೊದಲೇ ಕೆಳಗೆ ಚಹಾ ಕುಡಿದು ಎಲ್ಲ ತಿಳಿದುಕೊಂಡಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವ್ವನ ಪಕ್ಕ ಕೂತು, ಮಗುವನ್ನು ಕೇಳುವ ಧ್ವನಿಯಲ್ಲಿ, "ಅಕ್ಕಾ, ನಾ ಯಾರಂತ ಗೊತ್ತಾತೇನ?" ಎಂದು ಕೇಳಿದಳು. ಅವ್ವ, "ಗೊತ್ತಾಗಲಾರದ ಇದ್ದಿದ್ರ ಚೊಲೊ ಇರ್ತಿತ್ತು" ಎಂದಳು. ಅದನ್ನೂ ಮರೆವಿನ ಲೆಕ್ಕಕ್ಕೇ ಹಾಕಿದರು.

ಈ ತೊಂದರೆ ಶುರುವಾಗುವ ಸ್ವಲ್ಪ ಮೊದಲು, ದೀಪಾವಳಿಗೆ, ಅಣ್ಣ ಕೆಳಗೂ ಅಂಥದೇ ಒಂದು ಪೆಟ್ಟಿಗೆ ತಂದಿದ್ದ. ವೈನಿಗೆ ಜೋಡಿಸುವ ಕ್ರಮ ತೋರಿಸಲೆಂದು, ಹೊಂದಿಸಿ ಇಟ್ಟ ಆಪ್ ಇದ್ದ ಅವ್ವನ ಫೋನನ್ನೇ ಇಸಿದುಕೊಂಡು ಕೆಳಗಿನ ಪೆಟ್ಟಿಗೆಗೂ ಜೋಡಿಸಿ ತೋರಿಸಿದ್ದ. ಆಮೇಲೆ ಅದನ್ನು ಎಲ್ಲರೂ ಮರೆತರು. ಮರೆವು ಅವ್ವನೊಬ್ಬಳದ್ದೇ ಅಲ್ಲವಲ್ಲ.

ಸಂಕ್ರಾಂತಿ ಕಳೆದ ಮೇಲೆ ವೈನಿ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರನ್ನು ಕರೆದಿದ್ದಳು. ನನಗೆ ಅಂದು ರಜೆ. ಕೆಳಗೆ ಟಿವಿಯಲ್ಲಿ ಮೆಲ್ಲಗೆ ಭಜನೆ ನಡೆದಿತ್ತು. ಮೇಲೆ ಅವ್ವ, ಮಂದಿಯಲ್ಲಿ ಕೂತು ಕಾಲು ನೋಯುತ್ತದೆಂದು ಬೇಗ ಎದ್ದು ಬಂದವಳು, ಫೋನು ತೆಗೆದು ಪಂದ್ಯವೊಂದನ್ನು ಟಿವಿಗೆ ಕಳಿಸಿದಳು. ನಮ್ಮ ಟಿವಿಯಲ್ಲಿ ಏನೂ ಬರಲಿಲ್ಲ. ಆಪ್ ಮಾತ್ರ ಕಳಿಸಿದ್ದೇನೆ ಎನ್ನುತ್ತಿತ್ತು. ಅವ್ವ ಧ್ವನಿ ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಕೆಳಗಿನಿಂದ ಮೈದಾನದ ಗದ್ದಲ ಮೆಟ್ಟಿಲು ಹತ್ತಿ ಬಂತು, ಅದರ ಹಿಂದೆಯೇ ವೈನಿ ಬಂದಳು.

"ಅತ್ಯಾರ, ಕೆಳಗ ಮಂದಿ ಕುಂತಾರ್ರಿ. ಮ್ಯಾಲಿಂದ ನಮ್ಮ ಟಿವಿ ಹಚ್ಚಾಕತ್ತೀರಲ್ಲ, ಏನ್ ಆಟರಿ ಇದು?"

ಅವ್ವ ಫೋನನ್ನು ತಿರುಗಿಸಿ ಅವಳಿಗೆ ತೋರಿಸಿದಳು. "ನಾ ನಮ್ಮ ಪೆಟ್ಟಿಗೀನ ಒತ್ತೀನವಾ. ಇಲ್ಲಿ ನೋಡು, ನಮ್ಮದರ ಹೆಸರ ಐತಿ."

ವೈನಿ ನೋಡಲಿಲ್ಲ. ಬಾಗಿಲ ಹೊರಗೆ ಇಬ್ಬರು ಹೆಂಗಸರು ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಒಬ್ಬಾಕೆ ತೆಲುಗಿನಲ್ಲಿ "ಪಾಪಂ, ವಯಸು ಕದಾ" ಅಂದಳು. ವಯಸ್ಸಾಯಿತಲ್ಲ, ಪಾಪ. ಅವ್ವ ಈ ಊರಿನಲ್ಲಿ ಬಾಳೆಲ್ಲ ಕಳೆದವಳು, ತೆಲುಗು ಅವಳಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಆದರೆ ಆ ಸಿಟ್ಟಿನಲ್ಲೇ ನನಗೆ ವಿಷಯ ಹೊಳೆದದ್ದು. ಅವ್ವ ಸರಿಯಾದ ಹೆಸರನ್ನೇ ಒತ್ತಿದ್ದಳು, ಹೋದದ್ದು ಮಾತ್ರ ಬೇರೆ ಮನೆಗೆ. ನಮ್ಮ ಘಟಕದಲ್ಲಿ ಪ್ರಿಂಟರುಗಳಿಗೂ ಒಮ್ಮೆ ಹೀಗೇ ಆಗಿತ್ತು. ಮನೆಯಲ್ಲಿರುವ ಪ್ರತಿ ಫೋನಿಗೂ ಪೆಟ್ಟಿಗೆಗೂ, ಕೆಳಗಿನ ಹಾಲ್‌ನಲ್ಲಿ ಕೂತು ಇಂಟರ್ನೆಟ್ ಹಂಚುವ ರೂಟರ್ ಒಂದು ಅಂಕಿಯ ವಿಳಾಸ ಕೊಡುತ್ತದೆ, ಲಾಡ್ಜಿನವರು ಬಂದ ಗಿರಾಕಿಗೆ ಕೋಣೆ ಕೊಟ್ಟ ಹಾಗೆ. ನಮ್ಮದು ಅಗ್ಗದ ರೂಟರು. ಆರಿಸಿ ಹಚ್ಚಿದರೆ ಯಾರಿಗೆ ಯಾವ ಕೋಣೆ ಕೊಟ್ಟಿತ್ತೆಂಬುದನ್ನು ಮರೆತೇ ಎದ್ದಿರುತ್ತದೆ. ಅಣ್ಣ ರಾತ್ರಿ ಬೋರ್ಡು ಆರಿಸಿದಾಗ ಅದೂ ಆರುತ್ತದೆ. ಬೆಳಿಗ್ಗೆ ವೈನಿ ದೀಪ ಹಚ್ಚುವಾಗ ಸ್ವಿಚ್ಚೂ ಹಾಕುತ್ತಾಳೆ. ಕೆಳಗಿನ ಫೋನುಗಳು, ಅಣ್ಣನ ಲ್ಯಾಪ್‌ಟಾಪು, ಕೆಳಗಿನ ಪೆಟ್ಟಿಗೆ ಮೊದಲು ಹೋಗಿ ಖಾಲಿ ಇದ್ದದ್ದನ್ನು ಹಿಡಿಯುತ್ತವೆ. ಅವ್ವನ ಪೆಟ್ಟಿಗೆ ತಡವಾಗಿ ಎದ್ದು, ತನ್ನ ಹಳೆಯದು ಉಳಿದಿದ್ದರೆ ಅದನ್ನು, ಇಲ್ಲದಿದ್ದರೆ ಬೇರೆಯದನ್ನು ಪಡೆಯುತ್ತದೆ. ಅವಳ ಆಪ್ ಮಾತ್ರ ಮೊದಲು ಬರೆದಿಟ್ಟುಕೊಂಡ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತದೆ. ಅಂದು ಆ ವಿಳಾಸ ಕೆಳಗಿನ ಪೆಟ್ಟಿಗೆಗೆ ಹೋಗಿತ್ತು. ಅವ್ವನ ಫೋನಿನ ಪರಿಚಯ ಅದಕ್ಕೆ ದೀಪಾವಳಿಯಿಂದಲೇ ಇದ್ದುದರಿಂದ ಬಾಗಿಲು ತೆರೆಯಿತು.

ನಾನು ಟಿವಿಯ ಸೆಟ್ಟಿಂಗ್ ತೆರೆದು ನೋಡಿದೆ. ನಮ್ಮ ಪೆಟ್ಟಿಗೆಯ ವಿಳಾಸದ ಕೊನೆಯಲ್ಲಿ ಹದಿನಾಲ್ಕು ಇತ್ತು. ಆಪ್ ಏಳನ್ನು ಹುಡುಕುತ್ತಿತ್ತು. ಎರಡನ್ನೂ ಅವ್ವನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಅಂದ್ರ ನಂದ ತಪ್ಪಲ್ಲ?" ಎಂದು ಕೇಳಿದಳು. ಅಲ್ಲ ಎಂದೆ. "ಹಂಗಾದ್ರ ಅವಗ ಹೇಳು" ಎಂದಳು.

ಹೇಳಿದೆ. ದಾರಿಯೂ ಸುಲಭದ್ದೇ. ರೂಟರಿನ ಒಳಪುಟಕ್ಕೆ ಹೋಗಿ, ಈ ಪೆಟ್ಟಿಗೆ ಬಂದರೆ ಇದೇ ವಿಳಾಸ ಕೊಡು, ಬೇರೆ ಯಾರಿಗೂ ಕೊಡಬೇಡ ಎಂದು ಕಾಯ್ದಿರಿಸಿದರೆ ಮುಗಿಯಿತು. ಆಮೇಲೆ ಎಷ್ಟು ಸಲ ಆರಿಸಿ ಹಚ್ಚಿದರೂ ಅದು ಬದಲಾಗುವುದಿಲ್ಲ. ಆದರೆ ಒಳಪುಟದ ಪಾಸ್‌ವರ್ಡ್ ಇದ್ದದ್ದು ಅಣ್ಣನ ಬಳಿ ಮಾತ್ರ.

"ನನ್ನ ಆಫೀಸ ಕೆಲಸ ಪೂರಾ ಅದರ ಮ್ಯಾಲ ನಡೀತೈತಿ. ನೀ ಕೈ ಹಾಕಿ ಏನರ ಆತಂದ್ರ?" ಅಂದ.

"ಹಂಗಾದ್ರ ನೀನ ಮಾಡು. ನಾ ಹೇಳ್ತೀನಿ, ನೀ ಒತ್ತು."

"ಮೊದಲ ಡಾಕ್ಟರಿಗೆ ತೋರಸೂಣು. ಅವ್ವಂದು ಬರೇ ಟಿವಿ ವಿಷಯ ಅಲ್ಲ."

ಬರೀ ಟಿವಿಯ ವಿಷಯವೇ ಆಗಿತ್ತು. ಬೇರೆ ಒಂದೇ ಒಂದು ಉದಾಹರಣೆ ಕೊಡು ಎಂದು ಕೇಳಿದೆ. ಅವನು ಉದಾಹರಣೆ ಕೊಡುವ ಬದಲು ನನ್ನ ಮೇಲೆಯೇ ರೇಗಿದ. ಡಾಕ್ಟರು ಹೇಳಿದ ಮೇಲೆ ಅವ್ವನಿಗೆ ಗುಂಡಿಯ ಸಾದಾ ಫೋನು ಕೊಡುವುದು, ಕಪಾಟಿನ ಕೀಲಿ ಕೆಳಗಿರುವುದು ಎಂದು ಗಂಡ ಹೆಂಡತಿ ಆಗಲೇ ಮಾತಾಡಿಕೊಂಡಿದ್ದರು. ಆ ಕಪಾಟಿನಲ್ಲಿ ನಾಲ್ಕು ಇಳಕಲ್ ಸೀರೆ, ಅಪ್ಪನ ಕೈಗಡಿಯಾರ ಬಿಟ್ಟರೆ ಏನೂ ಇಲ್ಲ. ಆದರೂ ಕೀಲಿ ಅವಳದು.

ನಾವು ಅವ್ವನನ್ನು ಕರೆದೊಯ್ದ ನಾರಾಯಣಗೂಡದ ಡಾಕ್ಟರು ಒಳ್ಳೆಯವರೇ. ಅವ್ವನನ್ನು ಹಿಂದಿಯಲ್ಲಿ ಮಾತಾಡಿಸಿ, ವಾರ, ತಿಂಗಳು ಕೇಳಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದರು. ನಾನು ಒಳಗೊಳಗೇ ನಕ್ಕೆ. ಗಣಿತದ ಟೀಚರಿಗೆ ಈ ಪ್ರಶ್ನೆಯೇ? ಅವ್ವ ತೊಂಬತ್ಮೂರು ಎಂದಳು. ನಂತರ ಅಣ್ಣನ ಮುಖ ನೋಡಿದಳು. ಎಂಬತ್ತಾರು ಎಂದು ಮೆಲ್ಲಗೆ ಹೇಳಿ, "ಸರಿ ಅದನ?" ಎಂದು ಅವನನ್ನು ಕೇಳಿದಳು. ಪ್ರತಿ ಉತ್ತರಕ್ಕೂ ಅವನ ಮುಖ ನೋಡುತ್ತಾ ಹೋದಳು. ಎಲ್ಲವೂ ಸರಿಯೇ ಇತ್ತು. ಸಾವಿರಾರು ಮಕ್ಕಳ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಹೆಂಗಸು ತನ್ನ ಕಳೆಯುವ ಲೆಕ್ಕಕ್ಕೆ ಮಗನಿಂದ ಗುರುತು ಬೇಡುತ್ತಿದ್ದಳು. ನನ್ನ ನಗು ಅಲ್ಲೇ ಸತ್ತಿತು.

ಡಾಕ್ಟರು, ಮರೆವಿನ ಕಾಯಿಲೆಯೇನೂ ಕಾಣುವುದಿಲ್ಲ, ಸ್ವಲ್ಪ ಗಾಬರಿ ಇದೆ ಅಷ್ಟೇ ಎಂದರು. ಅಣ್ಣ ಆಟೋದಲ್ಲಿ ಕೂತು ವೈನಿಗೆ ಫೋನು ಮಾಡಿ, "ಇನ್ನೂ ಶುರು ಅಂತ, ಭಾಳೇನ ಇಲ್ಲ" ಎಂದ. ಪಕ್ಕದಲ್ಲಿ ಅವ್ವ ಹೊರಗೆ ನೋಡುತ್ತ ಕೂತಿದ್ದಳು.

ಆ ವಾರವೆಲ್ಲ ನಾನು ಅವನ ಬೆನ್ನು ಬಿಡಲಿಲ್ಲ. ಕೊನೆಗೆ ಭಾನುವಾರ, ನನ್ನ ಕಾಟ ತಪ್ಪಿದರೆ ಸಾಕೆಂದು ಒಪ್ಪಿ ಮೇಲೆ ಬಂದ. ಲ್ಯಾಪ್‌ಟಾಪು ತನ್ನ ತೊಡೆಯ ಮೇಲೆ, ನನಗೆ ಪರದೆ ಪೂರ್ತಿ ಕಾಣದ ಹಾಗೆ. ವಿಳಾಸ ಕಾಯ್ದಿರಿಸಲು ಪೆಟ್ಟಿಗೆಯ ಹುಟ್ಟುಗುರುತು ಬೇಕು. ಪ್ರತಿ ಯಂತ್ರಕ್ಕೂ ಅಂಕಿ, ಅಕ್ಷರ ಬೆರೆಸಿದ ಅಂಥದೊಂದು ಸಂಖ್ಯೆ ಇರುತ್ತದೆ, ರೂಟರ್ ಅದನ್ನು ನೋಡಿಯೇ ಇವರು ಇಂಥವರು ಎಂದು ಗುರುತಿಸುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ನೋಡಿ ಹೇಳುತ್ತೇನೆ ಎಂದೆ. "ಎದಕ್ಕ? ಪೆಟ್ಟಿಗಿ ಕೆಳಗ ಚೀಟಿ ಹಚ್ಯಾರಲ್ಲ" ಎಂದು ಅವನೇ ಪೆಟ್ಟಿಗೆಯನ್ನು ಬೋರಲು ಹಾಕಿ ಅಲ್ಲಿದ್ದದ್ದನ್ನು ಬರೆದುಕೊಂಡ. ವಿಳಾಸದ ಕೊನೆಗೆ ಐವತ್ತು ಎಂದು ಕೊಟ್ಟ. ಅದು ಯಾರ ಬಳಿಯೂ ಇರಲಿಲ್ಲ, ರೂಟರ್ ಕೊಡುವ ಸಾಲಿನೊಳಗೇ ಇತ್ತು, ಅಷ್ಟು ಸರಿ. ಉಳಿಸಿದ. ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆವು, ಆಪ್ ಮತ್ತೆ ಹುಡುಕಿ ಜೋಡಿಸಿತು. ಕೆಲಸ ಮಾಡಿತು. ಪೆಟ್ಟಿಗೆಗೆ ನಿಜವಾಗಿ ಐವತ್ತು ಸಿಕ್ಕಿದೆಯೇ ನೋಡೋಣ ಎಂದೆ. "ನಡ್ಯಾಕತ್ತೈತಲ್ಲ" ಎಂದು ಅವನು ಎದ್ದು ಹೋದ. ಟಿವಿಯಲ್ಲಿ ಅವ್ವನ ಪಂದ್ಯ ಶುರುವಾಗಿತ್ತು, ನಾನೂ ಒತ್ತಾಯ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಅವನು ನನಗೆ ಕೆಲಸದ ಜಾಗಕ್ಕೆ ಫೋನು ಮಾಡಿದ. ಎಂದೂ ಮಾಡುವವನಲ್ಲ.

"ನಿನ್ನ ವಿದ್ಯಾ ಎಲ್ಲಾ ಮಾಡಿ ಆತಲ್ಲ? ಮತ್ತ ಕೆಡಿಸಿ ಕುಂತಾಳ ನೋಡು. ಇನ್ನರ ಒಪ್ಕೋ."

ಹಿಂದಿನಿಂದ ಅವ್ವನ ಧ್ವನಿ ಕೇಳಿಸಿತು. "ಆಕಿಗೆ ಯಾಕ ಬೈತಿ? ನಾನ ಏನೋ ಮಾಡೀನಿ." ತಾನೇ ಏನೋ ಮಾಡಿದ್ದೇನೆ ಎಂದು ಅವಳು ಒಪ್ಪಿಕೊಂಡದ್ದು ಅದೇ ಮೊದಲು.

ಸಂಜೆ ಹೋಗಿ ಟಿವಿಯ ಸೆಟ್ಟಿಂಗ್ ತೆರೆದರೆ ಕೊನೆಯಲ್ಲಿ ಹನ್ನೊಂದು. ಐವತ್ತು ಅದಕ್ಕೆ ಸಿಕ್ಕೇ ಇರಲಿಲ್ಲ. ಅದೇ ಪುಟದ ಕೆಳಭಾಗದಲ್ಲಿ ಅದರ ಹುಟ್ಟುಗುರುತೂ ಇತ್ತು, ಒಂದಲ್ಲ, ಎರಡು. ಇಂಟರ್ನೆಟ್ಟಿನ ವೈರು ಹಾಕಿದರೆ ಒಂದು, ವೈಫೈಗೆ ಇನ್ನೊಂದು. ಚೀಟಿಯ ಮೇಲೆ ಅಚ್ಚು ಹಾಕಿದ್ದು ವೈರಿನದು. ಮೇಲಿನ ಮನೆಗೆ ವೈರೇ ಬಂದಿಲ್ಲ. ಬರದೇ ಇರುವ ಅತಿಥಿಗೆ ಅಣ್ಣ ಕೋಣೆ ಕಾಯ್ದಿರಿಸಿ ಕೂತಿದ್ದ.

ನಾನು ಆ ಎರಡನೆಯ ಗುರುತಿನ ಫೋಟೋ ತೆಗೆದುಕೊಂಡು ಕೆಳಗಿಳಿದೆ. ಅವನು ಊಟಕ್ಕೆ ಕೂತಿದ್ದ. ಊಟ ಮುಗಿಯುವವರೆಗೂ ನಿಂತೇ ಇದ್ದೆ. ಕೈ ತೊಳೆದು ಬಂದವನು ಹಳೆಯ ಗುರುತನ್ನು ತೆಗೆದು ಇದನ್ನು ಹಾಕಿದ. ಮೇಲೆ ಹೋಗಿ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ, ಐವತ್ತು ಎಂದು ತೋರಿಸಿತು. ಆಪ್‌ಗೆ ಕೊನೆಯ ಸಲ ಜೋಡಿಸಿದೆ. ಆಮೇಲೆ ಕೆಳಗಿಳಿದು ನಾನೇ ಅವನ ಎದುರಿಗೆ ಹಾಲ್‌ನ ಬೋರ್ಡು ಆರಿಸಿದೆ, ಮತ್ತೆ ಹಚ್ಚಿದೆ. ಮೇಲೆ ಹೋಗಿ ನೋಡಿದರೆ ಐವತ್ತೇ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಆಪ್ ಒಮ್ಮೆಯೂ ಪೆಟ್ಟಿಗೆ ಸಿಗುತ್ತಿಲ್ಲ ಎನ್ನಲಿಲ್ಲ.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಅವ್ವ ಆಗಲೇ ಫೋನನ್ನು ಟಿವಿಯ ಪಕ್ಕದಲ್ಲಿಟ್ಟು, ಮುಟ್ಟುವುದನ್ನು ಬಿಟ್ಟಿದ್ದಳು. ನಾನು ಬರುವವರೆಗೆ ಕಪ್ಪು ಪರದೆಯ ಎದುರು ಸುಮ್ಮನೆ ಕೂತಿರುತ್ತಿದ್ದಳು. ನಾನು ಕಾಗದ ತೆಗೆದುಕೊಂಡು ಎಲ್ಲ ಬಿಡಿಸಿ ಹೇಳಿದೆ. ಸ್ವಿಚ್ಚು, ರೂಟರು, ಏಳು, ಹದಿನಾಲ್ಕು, ಚೀಟಿಯ ತಪ್ಪು, ಎಲ್ಲ. ಹಿಂದೆ ಇದೇ ಏಳು, ಹದಿನಾಲ್ಕನ್ನು ಕನ್ನಡಕ ಹಾಕಿ ನೋಡಿ ಒಪ್ಪಿದವಳು. ಈಗ ಪೂರ್ತಿ ಕೇಳಿ ನನ್ನ ತಲೆ ಸವರಿದಳು.

"ಹುಚ್ಚಿ, ನನ್ನ ಸಲುವಾಗಿ ಎಷ್ಟ ಸುಳ್ಳ ಹೊಂದಿಸ್ತಿ" ಅಂದಳು.

ನಾನು ಕೆಳಗೆ ಹೋಗಿ ಅಣ್ಣನನ್ನು ಬೇಡಿಕೊಂಡೆ. ಜಗಳವಾಡಲಿಲ್ಲ, ನಿಜವಾಗಿ ಬೇಡಿಕೊಂಡೆ. "ನೀ ಒಮ್ಮೆ ಬಂದು ಹೇಳು. ತಪ್ಪು ರೂಟರಿಂದು, ನಿಂದಲ್ಲ ಅಂತ. ನೀ ಹೇಳಿದ್ರ ನಂಬ್ತಾಳ."

"ಈಗ ನಡ್ಯಾಕತ್ತೈತಲ್ಲ? ಹಳೇದು ಯಾಕ ಕೆದರ್ತಿ?" ಎಂದ. ಅವನು ಕೆಟ್ಟವನಲ್ಲ ಎಂದು ನೆಂಟರು ನನಗೆ ಈಗಲೂ ಹೇಳುತ್ತಾರೆ. ಇರಬಹುದು. ಆ ಒಂದು ಮಾತು ಹೇಳಲು ಅವನಿಗೆ ಏನೂ ಖರ್ಚಿರಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ಫೋನಿನಲ್ಲಿ, "ಅವ್ವಗ ಸುಲಭ ಆಗಲಿ ಅಂತ ಸೆಟ್ಟಿಂಗ್ ಮಾಡಿಕೊಟ್ಟೀನಿ" ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು.

ಹೋದ ಭಾನುವಾರ ನಾನು ಅವ್ವನ ಕೈಯಲ್ಲಿ ಫೋನು ಇಟ್ಟು, ಅವಳಿಗೆ ಇಷ್ಟದ ಪಂದ್ಯ ತೆಗೆದುಕೊಟ್ಟು, ಬರೀ ಕಳಿಸುವ ಗುಂಡಿಯನ್ನಾದರೂ ನೀನೇ ಒತ್ತು ಎಂದು ಹಟ ಹಿಡಿದೆ. ಅಣ್ಣ ಯಾವುದೋ ಕೆಲಸಕ್ಕೆ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ. ಅವ್ವನ ಸೊಟ್ಟ ಬೆರಳು ಗಾಜಿನ ಮೇಲೆ, ಗುಂಡಿಗೆ ತಾಕದ ಹಾಗೆ, ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಅವನ ಕಡೆ ತಿರುಗಿದಳು.

"ಇದನ್ನ ಒತ್ತಲೇನಪಾ? ಏನೂ ಕೆಡೂದಿಲ್ಲಲ್ಲ?"

"ಒತ್ತವಾ" ಅಂದ ಅಣ್ಣ, ಭಾಳ ಪ್ರೀತಿಯಿಂದ. "ಕೆಡಿಸಿದ್ರೂ ಚಿಂತಿಲ್ಲ, ನಾ ಇದ್ದೀನಲ್ಲ."